ದುರಂತ ನಾಟಕದಲ್ಲಿ ಮೇಳದ ಪಾತ್ರ: 'ದೊರೆ ಈಡಿಪಸ್' ಇಟ್ಟುಕೊಂಡು ಮಾದರಿ ಉತ್ತರ ಕಟ್ಟುವ ಕ್ರಮ

'ದುರಂತ ನಾಟಕದಲ್ಲಿ ಮೇಳದ ಪಾತ್ರವನ್ನು ವಿವೇಚಿಸಿ' ಅನ್ನುವ ಪ್ರಶ್ನೆಗೆ ಬರುವ ಉತ್ತರಗಳು ಬಹುತೇಕ ಒಂದೇ ಥರ ಇರುತ್ತವೆ. ಮೇಳ, ಅಂದರೆ ಗ್ರೀಕ್ ನಾಟಕದ ಕೋರಸ್, ಹಿನ್ನೆಲೆ ತಿಳಿಸುತ್ತದೆ, ಘಟನೆಗಳ ಬಗ್ಗೆ ಟೀಕೆ ಮಾಡುತ್ತದೆ, ನೀತಿ ಹೇಳುತ್ತದೆ, ದೃಶ್ಯಗಳ ನಡುವೆ ಬಿಡುವು ಕೊಡುತ್ತದೆ. ಇದರಲ್ಲಿ ಯಾವುದೂ ತಪ್ಪಲ್ಲ. ಆದರೆ ನಾಟಕ ಓದದೇ ಇದ್ದವರೂ ಇಷ್ಟನ್ನು ಬರೆಯಬಹುದು, ಅಲ್ವಾ? ಪೇಪರ್ ತಿದ್ದುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಇಲ್ಲಿ ಗ್ರೀಕ್ ನಾಟಕಕಾರ ಸೊಫೋಕ್ಲಿಸ್‌ನ 'ದೊರೆ ಈಡಿಪಸ್' ಒಂದನ್ನೇ ಹಿಡಿದು 15 ಅಂಕದ ಉತ್ತರ ಕಟ್ಟೋಣ. ಇಂಗ್ಲಿಷ್ ಎಂ.ಎ. ಇರಲಿ, ಕನ್ನಡ ಎಂ.ಎ.ಯ ಕಾವ್ಯಮೀಮಾಂಸೆ ಪತ್ರಿಕೆ ಇರಲಿ, ಕ್ರಮ ಒಂದೇ. ನಾಟಕವನ್ನು ನೀವು ಒಮ್ಮೆಯಾದರೂ ಪೂರ್ತಿ ಓದಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ.

ಹೆಜ್ಜೆ 1: ಮೇಳ ಅಂದರೆ ಯಾರು ಅಂತ ಮೊದಲು ಗುರುತಿಸಿ

ಈ ನಾಟಕದ ಮೇಳ ಥೀಬ್ಸ್ ನಗರದ ಹಿರಿಯರು. ಈಡಿಪಸ್ ಅವರ ದೊರೆ. ಸ್ಫಿಂಕ್ಸ್‌ನ ಒಗಟು ಬಿಡಿಸಿ ಅವರ ಊರನ್ನು ಉಳಿಸಿದವನು. ಅವರು ಸುಮ್ನೆ ನೋಡುತ್ತಾ ನಿಂತವರಲ್ಲ. ಊರಿಗೆ ಸಾಂಕ್ರಾಮಿಕ ಬಂದರೆ ಸಾಯುವವರು ಅವರ ಮನೆಯವರೇ. ದೊರೆ ಬಿದ್ದರೆ ಕಷ್ಟಕ್ಕೆ ಸಿಗುವವರೂ ಅವರೇ.

ರಂಗದ ವಿವರ ಎರಡೇ ಸಾಲು ಸಾಕು. ಸೊಫೋಕ್ಲಿಸ್ ಮೇಳದವರ ಸಂಖ್ಯೆಯನ್ನು 12ರಿಂದ 15ಕ್ಕೆ ಏರಿಸಿದ ಅನ್ನುವುದು ಹಳೆಯ ದಾಖಲೆ. ಅವರು ಆರ್ಕೆಸ್ಟ್ರ ಎಂಬ ಅಂಗಳದಲ್ಲಿ ಹಾಡುತ್ತಾ ಕುಣಿಯುತ್ತಿದ್ದರು. ನಟರ ಜೊತೆ ಮಾತಾಡುವಾಗ ಅವರ ಪರವಾಗಿ ಮೇಳದ ನಾಯಕ ಮಾತಾಡುತ್ತಿದ್ದ. ಇದರ ಮೇಲೆ ಅರ್ಧ ಪುಟ ಬರೆಯುವವರಿದ್ದಾರೆ, ಅದಕ್ಕೆ ಅಂಕ ಬರುವುದಿಲ್ಲ. ಆದರೆ ಒಂದು ರಂಗ ವಿವರ ಮಾತ್ರ ನಿಜವಾಗಿ ಕೆಲಸಕ್ಕೆ ಬರುತ್ತದೆ. ಒಮ್ಮೆ ಒಳಗೆ ಬಂದ ಮೇಲೆ ಈ ಮೇಳ ನಾಟಕ ಮುಗಿಯುವವರೆಗೂ ರಂಗ ಬಿಟ್ಟು ಹೋಗುವುದಿಲ್ಲ. ಹಾಗಾಗಿ ಈಡಿಪಸ್ ಮತ್ತು ಅವನ ಹೆಂಡತಿಯ ಸೋದರ ಕ್ರೆಯಾನ್ ಜಗಳವಾಡುವುದು ಪ್ರಜೆಗಳ ಎದುರಿಗೆ. ಪ್ರವಾದಿ ಟೈರೀಸಿಯಸ್ 'ಹಿಂದಿನ ದೊರೆ ಲಾಯಸ್‌ನ ಕೊಲೆಗಾರ ನೀನೇ' ಅನ್ನುವುದೂ ಪ್ರಜೆಗಳ ಎದುರಿಗೆ. ಇಲ್ಲಿ ಮನೆಯ ಮಾತು ಅಂತ ಯಾವುದೂ ಉಳಿಯುವುದಿಲ್ಲ.

ಹೆಜ್ಜೆ 2: ಒಂದು ವಾದ ಇಟ್ಟುಕೊಳ್ಳಿ

ಉತ್ತರದ ಬೆನ್ನೆಲುಬು ಇದೇ. ನಾನು ಕೊಡುವ ವಾದ ಹೀಗಿದೆ: *ಈ ಮೇಳಕ್ಕೆ ಎರಡು ನಿಷ್ಠೆಗಳಿವೆ. ಒಂದು ದೊರೆಯ ಮೇಲೆ, ಇನ್ನೊಂದು ದೇವರ ವಾಣಿಯ ಮೇಲೆ. ನಾಟಕ ಮುಂದುವರಿದಂತೆ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಅದಕ್ಕೆ ಆಗುವುದಿಲ್ಲ. ಮೇಳದ ಪಾತ್ರ ಅಂದರೆ ಈ ಒಡಕನ್ನು ಪ್ರೇಕ್ಷಕರ ಎದುರಿಗೆ ಅನುಭವಿಸುವುದು.*

ಇದನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡಿ. ಆಮೇಲೆ ಬರೆಯುವ ಪ್ರತಿ ಪ್ಯಾರಾ ಈ ವಾದವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು. ಒಂದು ಪ್ಯಾರಾ ತೆಗೆದುಹಾಕಿದರೂ ಉತ್ತರಕ್ಕೆ ಏನೂ ಆಗುವುದಿಲ್ಲ ಅಂದರೆ ಆ ಪ್ಯಾರಾ ಬೇಕಿರಲಿಲ್ಲ ಅಂತ ಅರ್ಥ.

ಹೆಜ್ಜೆ 3: ಐದು ಹಾಡುಗಳ ನಕ್ಷೆ ಬಾಯಿಪಾಠ ಇರಲಿ

ಹಾಡಿನ ಸಾಲುಗಳನ್ನು ಕಂಠಪಾಠ ಮಾಡಬೇಕಿಲ್ಲ. ಯಾವ ಹಾಡು ಯಾವ ಘಟನೆಯ ನಂತರ ಬರುತ್ತದೆ, ಅದರಲ್ಲಿ ಮೇಳದ ಮನಸ್ಸು ಹೇಗಿದೆ, ಇಷ್ಟು ನೆನಪಿರಲಿ.

ಪ್ರವೇಶಗೀತೆ, ಅಂದರೆ ಪರೊಡೊಸ್: ಡೆಲ್ಫಿಯಿಂದ ದೇವವಾಣಿ ಬಂದಿದೆ. ಊರಲ್ಲಿ ಸಾವು ತುಂಬಿದೆ. ಮೇಳ ಅಥೀನಾ, ಆರ್ಟೆಮಿಸ್, ಅಪೋಲೊ ಮೂವರನ್ನೂ ಕರೆದು ಬೇಡುತ್ತದೆ. ಇಲ್ಲಿ ದೇವರೂ ದೊರೆಯೂ ಒಂದೇ ಕಡೆ ಇದ್ದಾರೆ, ಇಬ್ಬರೂ ಊರನ್ನು ಉಳಿಸುವವರು.

ಮೊದಲ ಸ್ಟಾಸಿಮಾನ್, ಅಂದರೆ ದೃಶ್ಯಗಳ ನಡುವೆ ಮೇಳ ಹಾಡುವ ಹಾಡು: ಟೈರೀಸಿಯಸ್ ಆರೋಪ ಮಾಡಿ ಹೋದ ಮೇಲೆ ಬರುವ ಹಾಡು. ಕೊಲೆಗಾರ ಕಾಡಿನಲ್ಲಿ ಒಂಟಿ ಗೂಳಿಯ ಹಾಗೆ ಅಲೆಯುತ್ತಿರಬೇಕು ಅಂತ ಮೇಳ ಊಹಿಸುತ್ತದೆ. ಅವನು ತಮ್ಮ ಕಣ್ಣೆದುರಿಗೇ ಇದ್ದಾನೆ ಅನ್ನುವ ಯೋಚನೆ ಅದಕ್ಕೆ ಬರುವುದಿಲ್ಲ. ದೇವರಿಗೆ ಎಲ್ಲಾ ಗೊತ್ತು, ಆದರೆ ಭವಿಷ್ಯ ಹೇಳುವ ಮನುಷ್ಯನಿಗೆ ನಮಗಿಂತ ಜಾಸ್ತಿ ಗೊತ್ತು ಅನ್ನಲು ಏನು ಆಧಾರ ಅಂತ ಕೇಳುತ್ತದೆ. ಒಡಕು ಶುರುವಾಗುವುದು ಇಲ್ಲಿ. ಮೇಳ ದೇವರನ್ನೂ ಬಿಡದೆ, ದೊರೆಯನ್ನೂ ಬಿಡದೆ ಇರಲು ಒಂದು ಸಂದು ಹುಡುಕುತ್ತದೆ. ಆ ಸಂದು, ದೇವರನ್ನು ನಂಬಿ ದೇವರ ಪ್ರವಾದಿಯನ್ನು ಅನುಮಾನಿಸುವುದು.

ಎರಡನೆಯ ಸ್ಟಾಸಿಮಾನ್: ಈಡಿಪಸ್‌ನ ಹೆಂಡತಿ ಯೊಕಾಸ್ತ ದೇವವಾಣಿಗಳನ್ನು ತಳ್ಳಿಹಾಕಿದ ಮೇಲೆ. ಇದನ್ನು ಮುಂದೆ ವಿವರವಾಗಿ ನೋಡೋಣ.

ಮೂರನೆಯದು: ಈಡಿಪಸ್ ತನ್ನನ್ನು ಸಾಕಿದ ಕಾರಿಂತ್ ರಾಜನ ಸ್ವಂತ ಮಗ ಅಲ್ಲ ಅಂತ ಗೊತ್ತಾದ ಮೇಲೆ. ಮೇಳ ಖುಷಿಯಿಂದ ಕುಣಿಯುತ್ತದೆ.

ನಾಲ್ಕನೆಯದು: ಈಡಿಪಸ್ ಕೊಂದದ್ದು ತನ್ನ ತಂದೆಯನ್ನೇ, ಮದುವೆಯಾದದ್ದು ತಾಯಿಯನ್ನೇ ಅನ್ನುವ ಸತ್ಯ ಹೊರಬಿದ್ದ ಮೇಲೆ. ಮನುಷ್ಯರ ತಲೆಮಾರುಗಳೇ, ನಿಮ್ಮ ಬಾಳು ಏನೂ ಇಲ್ಲದ್ದಕ್ಕೆ ಸಮ ಅನ್ನುವ ಅರ್ಥದಿಂದ ಶುರುವಾಗುತ್ತದೆ. ಈಡಿಪಸ್ ಈಗ ಅವರಿಗೆ ಒಂದು ನಿದರ್ಶನ.

ಪರೀಕ್ಷೆಯಲ್ಲಿ ಐದೂ ಹಾಡಿಗೆ ಒಂದೊಂದು ಪ್ಯಾರಾ ಬರೆಯಬೇಡಿ. ಹಾಗೆ ಮಾಡಿದರೆ ಉತ್ತರ ಕಥೆ ಹೇಳಿದ ಹಾಗೆ ಆಗುತ್ತದೆ. ಎರಡನೆಯ ಮತ್ತು ಮೂರನೆಯ ಹಾಡು ಆಯ್ದುಕೊಳ್ಳಿ. ಉಳಿದವು ಒಂದೊಂದು ವಾಕ್ಯದಲ್ಲಿ ಬಂದು ಹೋಗಲಿ.

ಹೆಜ್ಜೆ 4: ಒಂದು ಹಾಡನ್ನು ಪೂರ್ತಿ ಬಿಡಿಸಿ

ಎರಡನೆಯ ಸ್ಟಾಸಿಮಾನ್ ಉತ್ತರದ ಹೃದಯಭಾಗ. ಇದಕ್ಕೆ ಒಂದು ಪುಟ ಕೊಟ್ಟರೂ ಪರವಾಗಿಲ್ಲ. ಬಿಡಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಮೊದಲು ಏನಾಯಿತು? ಹಾಡಿನಲ್ಲಿ ಏನಿದೆ? ಮುಗಿದ ತಕ್ಷಣ ಏನಾಗುತ್ತದೆ?

ಹಾಡಿಗೆ ಮೊದಲು ಯೊಕಾಸ್ತ ಗಂಡನಿಗೆ ಧೈರ್ಯ ಹೇಳಿದ್ದಾಳೆ. ಲಾಯಸ್ ತನ್ನ ಮಗನಿಂದಲೇ ಸಾಯುತ್ತಾನೆ ಅಂತ ದೇವವಾಣಿ ಇತ್ತು. ಆದರೆ ಮಗುವನ್ನು ಬೆಟ್ಟದಲ್ಲಿ ಎಸೆದರು, ಲಾಯಸ್ ಮೂರು ದಾರಿ ಕೂಡುವ ಕಡೆ ಕಳ್ಳರಿಂದ ಸತ್ತ. ಆದ್ದರಿಂದ ಇನ್ನು ಮೇಲೆ ಯಾವ ಭವಿಷ್ಯವಾಣಿಗೂ ನಾನು ತಲೆ ತಿರುಗಿಸಿ ನೋಡುವುದಿಲ್ಲ ಅನ್ನುತ್ತಾಳೆ. ಧೈರ್ಯ ಹೇಳಲು ತೆಗೆದ ಈ ಮಾತೇ ಈಡಿಪಸ್‌ಗೆ ಭಯ ಹುಟ್ಟಿಸುತ್ತದೆ, ಯಾಕೆಂದರೆ ಮೂರು ದಾರಿ ಕೂಡುವ ಕಡೆ ಅವನೂ ಒಬ್ಬನನ್ನು ಕೊಂದಿದ್ದ. ಇಬ್ಬರೂ ಒಳಗೆ ಹೋಗುತ್ತಾರೆ. ಅಂಗಳದಲ್ಲಿ ಮೇಳ ಮಾತ್ರ ಉಳಿಯುತ್ತದೆ.

ಈಗ ಹಾಡು. ಮೇಳ ಎತ್ತರದ ನಿಯಮಗಳ ಬಗ್ಗೆ ಹಾಡುತ್ತದೆ. ಅವು ಒಲಿಂಪಸ್‌ನಲ್ಲಿ ಹುಟ್ಟಿದವು, ಮನುಷ್ಯರು ಮಾಡಿದವಲ್ಲ, ಅವು ಮುಪ್ಪಾಗುವುದಿಲ್ಲ. ಆಮೇಲೆ ಸೊಕ್ಕಿನ ಮಾತು ಬರುತ್ತದೆ. ಸೊಕ್ಕು ನಿರಂಕುಶ ದೊರೆಯನ್ನು ಹುಟ್ಟಿಸುತ್ತದೆ, ಎತ್ತರಕ್ಕೆ ಹತ್ತಿ ಅಲ್ಲಿಂದ ಬೀಳುತ್ತದೆ. ಇದು ಯಾರ ಬಗ್ಗೆ? ಈಡಿಪಸ್‌ನ ಹೆಸರನ್ನು ಮೇಳ ಎತ್ತುವುದಿಲ್ಲ. ಕ್ರೆಯಾನ್ ಮೇಲೆ ಅವನು ಕೂಗಾಡಿದ್ದನ್ನು ಅದು ಈಗಷ್ಟೇ ನೋಡಿದೆ, ನೆನಪಿರಲಿ. ಆದರೆ ಅದೇ ಉಸಿರಿನಲ್ಲಿ, ಊರಿಗೆ ಒಳ್ಳೆಯದು ಮಾಡುವ ಸ್ಪರ್ಧೆಯನ್ನು ದೇವರು ನಿಲ್ಲಿಸದಿರಲಿ ಅಂತಲೂ ಬೇಡಿಕೊಳ್ಳುತ್ತದೆ. ಅಂದರೆ ದೊರೆಯನ್ನು ಪೂರ್ತಿ ಬಿಟ್ಟುಕೊಡಲು ಮನಸ್ಸಿಲ್ಲ.

ಮುಂದಿನ ಸಾಲು ಗ್ರೀಕ್ ರಂಗಭೂಮಿಯಲ್ಲೇ ಅಪರೂಪದ್ದು. ಅನ್ಯಾಯ ಮಾಡುವವರಿಗೆ ಗೌರವ ಸಿಗುವುದಾದರೆ ನಾನು ಯಾಕೆ ಕುಣಿಯಬೇಕು ಅಂತ ಮೇಳ ಕೇಳುತ್ತದೆ. ಇದನ್ನು ಯಾರು ಕೇಳುತ್ತಿದ್ದಾರೆ ನೋಡಿ. ಕಥೆಯೊಳಗೆ ಅವರು ಥೀಬ್ಸ್‌ನ ಮುದುಕರು. ಕಥೆಯ ಹೊರಗೆ ಅವರು ಡಯೋನೈಸಸ್ ದೇವರ ಉತ್ಸವದಲ್ಲಿ, ಆ ದೇವರ ಗೌರವಕ್ಕಾಗಿಯೇ ಕುಣಿಯುತ್ತಿರುವ ಅಥೆನ್ಸಿನ ನಾಗರಿಕರು. ದೇವವಾಣಿ ಸುಳ್ಳಾದರೆ ಈ ಕುಣಿತಕ್ಕೂ ಅರ್ಥವಿಲ್ಲ. ಈ ಒಂದು ಸಾಲನ್ನು ಸರಿಯಾಗಿ ವಿವರಿಸಿದರೆ ಮೇಳದ ಧಾರ್ಮಿಕ ಮೂಲ, ರಂಗದ ಕುಣಿತ, ನಾಟಕದ ವಸ್ತು ಮೂರನ್ನೂ ಒಂದೇ ಕಡೆ ಮುಟ್ಟಿದ ಹಾಗಾಗುತ್ತದೆ. ಮೇಳದ ಇತಿಹಾಸಕ್ಕೆ ಬೇರೆ ಪ್ಯಾರಾ ಬೇಕಾಗುವುದಿಲ್ಲ.

ಕೊನೆಗೆ ಮೇಳ ಜ್ಯೂಸ್‌ನನ್ನು ಬೇಡುತ್ತದೆ. ಲಾಯಸ್‌ಗೆ ಹೇಳಿದ ಹಳೆಯ ವಾಣಿಗಳು ಮಾಸುತ್ತಿವೆ, ಅಪೋಲೊನಿಗೆ ಗೌರವ ಉಳಿದಿಲ್ಲ, ಇದನ್ನು ನೀನು ನೋಡದೇ ಇರಬೇಡ ಅನ್ನುತ್ತದೆ. ಈ ಬೇಡಿಕೆ ಈಡೇರಿದರೆ ಏನಾಗುತ್ತದೆ ಅಂತ ಯೋಚಿಸಿ. ವಾಣಿ ನಿಜವಾಗಬೇಕಾದರೆ ಈಡಿಪಸ್ ಹಾಳಾಗಬೇಕು. ತಾವು ಪ್ರೀತಿಸುವ ದೊರೆಯ ನಾಶವನ್ನು ಅವರು ಗೊತ್ತಿಲ್ಲದೆ ಕೇಳಿಕೊಳ್ಳುತ್ತಿದ್ದಾರೆ. ಹೆಜ್ಜೆ 2ರ ಎರಡು ನಿಷ್ಠೆಗಳು ಇಲ್ಲಿ ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ.

ಹಾಡು ಮುಗಿದ ತಕ್ಷಣ ಯೊಕಾಸ್ತ ಹೊರಗೆ ಬರುತ್ತಾಳೆ. ಕೈಯಲ್ಲಿ ಹೂಮಾಲೆ, ಧೂಪ. ಈಗಷ್ಟೇ ದೇವವಾಣಿ ಬೇಡ ಅಂದವಳು ಅಪೋಲೊನನ್ನೇ ಪ್ರಾರ್ಥಿಸುತ್ತಾಳೆ. ಅವಳ ಪ್ರಾರ್ಥನೆ ಮುಗಿಯುತ್ತಲೇ ಕಾರಿಂತಿನ ದೂತ ಬರುತ್ತಾನೆ. ಎಲ್ಲರೂ ಅದನ್ನು ಒಳ್ಳೆಯ ಸುದ್ದಿ ಅಂದುಕೊಳ್ಳುತ್ತಾರೆ, ಆದರೆ ಸತ್ಯ ಬಯಲಾಗುವುದು ಆ ದೂತನಿಂದಲೇ. ಅವನು ಯೊಕಾಸ್ತಳ ಪ್ರಾರ್ಥನೆಗೆ ಬಂದ ಉತ್ತರವೋ, ಮೇಳದ ಪ್ರಾರ್ಥನೆಗೆ ಬಂದ ಉತ್ತರವೋ? ಈ ಪ್ರಶ್ನೆಯನ್ನು ಉತ್ತರದಲ್ಲೇ ಕೇಳಿ ಬಿಡಬಹುದು.

ಹೆಜ್ಜೆ 5: ಮೇಳ ತಪ್ಪು ಮಾಡುವ ಜಾಗ ತೋರಿಸಿ

ಮೂರನೆಯ ಹಾಡು ಚಿಕ್ಕದು, ಆದರೆ ಉತ್ತರಕ್ಕೆ ತುಂಬ ಉಪಯೋಗ. ಯೊಕಾಸ್ತಳಿಗೆ ಸತ್ಯ ಗೊತ್ತಾಗಿ ಅವಳು ಒಳಗೆ ಓಡಿದ್ದಾಳೆ. ಈ ಮೌನದಿಂದ ಏನೋ ಕೆಟ್ಟದ್ದು ಸಿಡಿಯುತ್ತದೆ ಅಂತ ಮೇಳದ ನಾಯಕ ಹೆದರುತ್ತಾನೆ. ಆದರೆ ಅದಾದ ಸ್ವಲ್ಪ ಹೊತ್ತಿಗೇ ಮೇಳ ಸಂಭ್ರಮದ ಹಾಡಿಗೆ ಇಳಿಯುತ್ತದೆ. ಈಡಿಪಸ್ ಕಿಥೈರಾನ್ ಬೆಟ್ಟದ ಮಗ, ಅವನ ತಂದೆ ಪಾನ್ ಇರಬಹುದು, ಅಪೋಲೊ ಇರಬಹುದು, ಹರ್ಮಿಸ್ ಇರಬಹುದು, ಡಯೋನೈಸಸ್ ಇರಬಹುದು ಅಂತ ಕನಸು ಕಾಣುತ್ತದೆ. ಇದಾದ ಮೇಲೆ ಸುಮಾರು 75 ಸಾಲುಗಳೊಳಗೆ, ಮಗು ಈಡಿಪಸ್‌ನನ್ನು ಬೆಟ್ಟದಲ್ಲಿ ಎಸೆಯಬೇಕಿದ್ದ ಕುರುಬ ಬಂದು ಎಲ್ಲಾ ಹೇಳಿಬಿಡುತ್ತಾನೆ.

ಇದನ್ನು 'ನಾಟಕೀಯ ವ್ಯಂಗ್ಯ' ಅಂತ ಬರೆದು ಮುಗಿಸಬೇಡಿ. ಮೇಳ ಹೀಗೆ ಯಾಕೆ ಹಾಡುತ್ತದೆ? ದೊರೆಯೇ ದೇವರ ಮಗ ಆಗಿಬಿಟ್ಟರೆ ಎರಡು ನಿಷ್ಠೆಗಳ ಜಗಳವೇ ಮುಗಿಯುತ್ತದೆ. ಎರಡನೆಯ ಹಾಡಿನ ಸಂಕಟದಿಂದ ಪಾರಾಗಲು ಇದು ಅವರ ಕೊನೆಯ ಪ್ರಯತ್ನ. ಈ ಒಂದು ವಾಕ್ಯ ಎರಡು ಹಾಡುಗಳನ್ನು ಒಂದೇ ವಾದದಲ್ಲಿ ಕಟ್ಟುತ್ತದೆ.

ಹೆಜ್ಜೆ 6: ವಿಮರ್ಶಕರನ್ನು ಕೆಲಸಕ್ಕೆ ಹಚ್ಚಿ

ಹೆಸರು ಉದುರಿಸುವುದು ಬೇಡ. ಇಬ್ಬರು ಸಾಕು, ಇಬ್ಬರನ್ನೂ ನಾಟಕದ ಮೇಲೆ ಪರೀಕ್ಷಿಸಿ.

ಅರಿಸ್ಟಾಟಲ್ ತನ್ನ 'ಕಾವ್ಯಮೀಮಾಂಸೆ'ಯ 18ನೆಯ ಅಧ್ಯಾಯದಲ್ಲಿ ಮೇಳವನ್ನೂ ನಟರಲ್ಲಿ ಒಬ್ಬನಂತೆ ಕಾಣಬೇಕು, ಅದು ಇಡೀ ನಾಟಕದ ಭಾಗವಾಗಿ ಕ್ರಿಯೆಯಲ್ಲಿ ಪಾಲ್ಗೊಳ್ಳಬೇಕು ಅನ್ನುತ್ತಾನೆ. ಅದು ಯೂರಿಪಿಡಿಸ್‌ನಲ್ಲಿ ಇರುವಂತೆ ಅಲ್ಲ, ಸೊಫೋಕ್ಲಿಸ್‌ನಲ್ಲಿ ಇರುವಂತೆ ಅಂತಲೂ ಸೇರಿಸುತ್ತಾನೆ. ಈ ಮಾತಿಗೆ ಸಾಕ್ಷಿ ಹಾಡುಗಳಲ್ಲಿ ಹುಡುಕಬೇಡಿ, ಚಿಕ್ಕ ಸಂಭಾಷಣೆಗಳಲ್ಲಿ ಹುಡುಕಿ. ಕ್ರೆಯಾನ್‌ನನ್ನು ಕೊಲ್ಲಿಸಲು ಈಡಿಪಸ್ ಹೊರಟಾಗ ಮೇಳ ಬೇಡಿಕೊಳ್ಳುತ್ತದೆ. ನನಗೆ ಅವನ ಮೇಲೆ ಅಲ್ಲ, ನಿಮ್ಮ ಮಾತಿನ ಮೇಲೆ ಕರುಣೆ ಬಂತು ಅಂತ ಹೇಳಿ ಅವನು ಬಿಡುತ್ತಾನೆ. ಮೇಳ ಅಲ್ಲಿ ಒಂದು ಜೀವ ಉಳಿಸಿತು. ಇನ್ನೊಂದು ಸಾಕ್ಷಿ: ಮಗುವನ್ನು ಕೊಟ್ಟ ಕುರುಬ ಯಾರು ಅಂತ ಈಡಿಪಸ್ ಕೇಳಿದಾಗ, ನೀವು ಆಗಲೇ ಕರೆಸಿರುವ ಮನುಷ್ಯನೇ ಇರಬೇಕು, ಯೊಕಾಸ್ತಳಿಗೆ ಚೆನ್ನಾಗಿ ಗೊತ್ತಿರುತ್ತದೆ ಅನ್ನುವವನು ಮೇಳದ ನಾಯಕ. ಕೊಲೆಯ ತನಿಖೆ ಮತ್ತು ಹುಟ್ಟಿನ ತನಿಖೆ ಒಂದೇ ಮನುಷ್ಯನ ಕಡೆ ಹೋಗುತ್ತವೆ ಅಂತ ಬಾಯಿಬಿಟ್ಟು ಹೇಳಿದವನು ಅವನೇ.

ಎರಡನೆಯವನು ಜರ್ಮನಿಯ ಎ.ಡಬ್ಲ್ಯು. ಶ್ಲೆಗೆಲ್. ಮೇಳ ಅಂದರೆ 'ಆದರ್ಶ ಪ್ರೇಕ್ಷಕ' ಅಂದವನು. ಈ ಮಾತನ್ನು ಎಲ್ಲರೂ ಒಪ್ಪಿಕೊಂಡು ಬರೆಯುತ್ತಾರೆ. ನೀವು ಪ್ರಶ್ನಿಸಿ. ಅಥೆನ್ಸಿನ ಪ್ರೇಕ್ಷಕರಿಗೆ ಈಡಿಪಸ್‌ನ ಕಥೆ ಮೊದಲೇ ಗೊತ್ತು. ಮೇಳಕ್ಕೆ ಗೊತ್ತಿಲ್ಲ. ಮೂರನೆಯ ಹಾಡಿನಲ್ಲಿ ಮೇಳ ಕುಣಿಯುವಾಗ ಪ್ರೇಕ್ಷಕರು ಅದರ ಜೊತೆ ಕುಣಿಯುವುದಿಲ್ಲ, ಹೆದರುತ್ತಾರೆ. ನಾಲ್ಕನೆಯ ಹಾಡಿನಲ್ಲಿ ಮಾತ್ರ ಇಬ್ಬರೂ ಒಂದೇ ಕಡೆ ಬಂದು ನಿಲ್ಲುತ್ತಾರೆ. ಅಂದರೆ ಶ್ಲೆಗೆಲ್‌ನ ಮಾತು ನಾಟಕದ ಕೊನೆಗೆ ಹೊಂದುತ್ತದೆ, ನಡುವಿಗೆ ಹೊಂದುವುದಿಲ್ಲ.

ಹೆಜ್ಜೆ 7: ಒಂದೇ ಒಂದು ಹೋಲಿಕೆ, ಅದೂ ಚಿಕ್ಕದು

ಪ್ರಶ್ನೆಯಲ್ಲಿ 'ದುರಂತ ನಾಟಕ' ಅಂತ ಸಾಮಾನ್ಯವಾಗಿ ಕೇಳಿದ್ದರೆ ಇನ್ನೊಂದು ನಾಟಕ ಬೇಕಾಗುತ್ತದೆ. ಯೂರಿಪಿಡಿಸ್‌ನ 'ಮೀಡಿಯಾ' ಒಳ್ಳೆಯದು. ಅಲ್ಲಿ ಮೇಳ ಕಾರಿಂತಿನ ಹೆಂಗಸರು. ಮೀಡಿಯಾ ಸೇಡು ತೀರಿಸಿಕೊಂಡರೆ ಬಾಯಿ ಬಿಡುವುದಿಲ್ಲ ಅಂತ ಅವರು ಮೊದಲೇ ಒಪ್ಪಿಕೊಂಡಿದ್ದಾರೆ. ಅವಳು ಮಕ್ಕಳನ್ನು ಕೊಲ್ಲುವ ಮಾತಾಡಿದಾಗ ಬೇಡ ಅನ್ನುತ್ತಾರೆ, ಒಳಗಿನಿಂದ ಮಕ್ಕಳ ಕೂಗು ಕೇಳಿದಾಗ ಹೋಗೋಣವೇ ಅಂತ ಯೋಚಿಸುತ್ತಾರೆ, ಹೋಗುವುದಿಲ್ಲ. ಥೀಬ್ಸ್‌ನ ಹಿರಿಯರಿಗೆ ಗೊತ್ತಿಲ್ಲದ್ದೇ ಸಂಕಟ, ಈ ಹೆಂಗಸರಿಗೆ ಗೊತ್ತಿರುವುದೇ ಸಂಕಟ. ಅರಿಸ್ಟಾಟಲ್ ಯೂರಿಪಿಡಿಸ್‌ನನ್ನು ಕಡಿಮೆ ಮಾಡಿದ್ದು ಪೂರ್ತಿ ನ್ಯಾಯವಲ್ಲ ಅಂತ ನನಗನ್ನಿಸುತ್ತದೆ. ಮೀಡಿಯಾಳ ಮೇಳ ಕ್ರಿಯೆಯ ಹೊರಗಿಲ್ಲ, ಅದರ ಮೌನವೇ ಅವಳಿಗೆ ಸಹಾಯ.

ಕನ್ನಡ ಪತ್ರಿಕೆ ಬರೆಯುವವರು ಬಿ.ಎಂ.ಶ್ರೀ. ಅವರ 'ಅಶ್ವತ್ಥಾಮನ್' ಹೆಸರಿಸಬಹುದು. ಸೊಫೋಕ್ಲಿಸ್‌ನ 'ಅಜಾಕ್ಸ್' ಮಾದರಿಯಲ್ಲಿ ಬರೆದದ್ದು, ಪ್ರಕಟವಾದದ್ದು 1929ರಲ್ಲಿ. ಒಂದು ವಾಕ್ಯ ಸಾಕು. ಯಕ್ಷಗಾನದ ಭಾಗವತರನ್ನು ಮೇಳಕ್ಕೆ ಸಮ ಅಂತ ಬರೆಯುವ ಆಸೆ ಹಲವರಿಗೆ ಇರುತ್ತದೆ. ಜಾಗ್ರತೆ. ಭಾಗವತರು ಪ್ರದರ್ಶನವನ್ನು ನಡೆಸುವವರು, ಅವರಿಗೆ ಕಥೆ ಪೂರ್ತಿ ಗೊತ್ತು. ಥೀಬ್ಸ್‌ನ ಹಿರಿಯರು ಕಥೆಯೊಳಗಿನ ಜನ, ಮುಂದೇನು ಅಂತ ಗೊತ್ತಿಲ್ಲದವರು. ಹೋಲಿಕೆ ತರುವುದಾದರೆ ಈ ವ್ಯತ್ಯಾಸ ಹೇಳಿಯೇ ತನ್ನಿ.

ಹೆಜ್ಜೆ 8: ಹಾಳೆಯ ಮೇಲೆ ಇಳಿಸುವುದು

15 ಅಂಕಕ್ಕೆ ಸುಮಾರು 35 ನಿಮಿಷ ಸಿಗುತ್ತದೆ ಅಂದುಕೊಳ್ಳಿ. ಮೊದಲ 4 ನಿಮಿಷ ವಾದ ಮತ್ತು ಹಾಡುಗಳ ಕ್ರಮವನ್ನು ಕೊನೆಯ ಪುಟದಲ್ಲಿ ಪೆನ್ಸಿಲ್‌ನಲ್ಲಿ ಗುರುತಿಸಿ. ಪೀಠಿಕೆಗೆ 4 ನಿಮಿಷ, ಎರಡನೆಯ ಹಾಡಿಗೆ 10, ಮೂರನೆಯದಕ್ಕೆ 5, ವಿಮರ್ಶಕರಿಗೆ 6, ಹೋಲಿಕೆಗೆ 3. ಉಳಿದದ್ದು ಕೊನೆಯ ಪ್ಯಾರಾಕ್ಕೆ.

ಪೀಠಿಕೆ ಹೀಗಿರಬಹುದು: "'ದೊರೆ ಈಡಿಪಸ್' ನಾಟಕದ ಮೇಳ ಘಟನೆಗಳ ಹೊರಗೆ ನಿಂತು ಟೀಕೆ ಮಾಡುವ ದನಿಯಲ್ಲ. ಅದು ಥೀಬ್ಸ್‌ನ ಹಿರಿಯರ ಗುಂಪು. ದೊರೆಯ ಮೇಲಿನ ಕೃತಜ್ಞತೆ ಮತ್ತು ದೇವವಾಣಿಯ ಮೇಲಿನ ನಂಬಿಕೆ, ಎರಡೂ ಅದಕ್ಕೆ ಬೇಕು. ಪ್ರವೇಶಗೀತೆಯಲ್ಲಿ ಒಟ್ಟಿಗಿದ್ದ ಇವು ಎರಡನೆಯ ಸ್ಟಾಸಿಮಾನ್‌ನಲ್ಲಿ ಬೇರೆಯಾಗುತ್ತವೆ. ಈ ಬದಲಾವಣೆಯ ಮೂಲಕವೇ ಒಬ್ಬ ಮನುಷ್ಯನ ಪತನ ಇಡೀ ಊರಿನ ಸಂಕಟವಾಗುತ್ತದೆ."

ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ಉತ್ತರದಲ್ಲಿ 'ಮೇಳ ಹೇಳುತ್ತದೆ' ಅಂತ ಇರುವ ಕಡೆಯೆಲ್ಲ 'ಯಾವುದರ ನಂತರ?' ಅಂತ ಕೇಳಿಕೊಳ್ಳಿ. ಉತ್ತರ ಇಲ್ಲದಿದ್ದರೆ ಆ ವಾಕ್ಯಕ್ಕೆ ಘಟನೆ ಸೇರಿಸಿ. ಇನ್ನೊಂದು ಅಪಾಯ ಮೇಳದ ಮಾತನ್ನು ನಾಟಕಕಾರನ ಮಾತು ಅಂದುಕೊಳ್ಳುವುದು. 'ಸೊಫೋಕ್ಲಿಸ್ ಇಲ್ಲಿ ಸೊಕ್ಕು ಕೆಟ್ಟದ್ದು ಅಂತ ಹೇಳುತ್ತಾನೆ' ಅಂತ ಬರೆದರೆ, ಅದೇ ಸೊಫೋಕ್ಲಿಸ್ ಮೂರನೆಯ ಹಾಡಿನಲ್ಲಿ ಈಡಿಪಸ್ ದೇವರ ಮಗ ಅಂತಲೂ ಹೇಳುತ್ತಾನಾ? ಪಾತ್ರದ ಮಾತು ಪಾತ್ರದ್ದೇ.

ನಾಟಕದ ಕಟ್ಟಕಡೆಯ ಸಾಲುಗಳನ್ನು, ಅಂದರೆ ಬಾಳಿನ ಕೊನೆ ದಾಟುವವರೆಗೆ ಯಾರನ್ನೂ ಸುಖಿ ಅನ್ನಬೇಡ ಅನ್ನುವುದನ್ನು, ಉತ್ತರದ ಮುಕ್ತಾಯಕ್ಕೆ ಎಲ್ಲರೂ ಬಳಸುತ್ತಾರೆ. ಅವು ಸೊಫೋಕ್ಲಿಸ್ ಬರೆದ ಸಾಲುಗಳೇ ಎಂಬ ಬಗ್ಗೆ ವಿದ್ವಾಂಸರಲ್ಲಿ ತಕರಾರಿದೆ. ಅದರ ಬದಲು ನಾಲ್ಕನೆಯ ಹಾಡಿನ ಕೊನೆಯನ್ನು ಬಳಸಿ. ನಿನ್ನನ್ನು ನೋಡದೇ ಇದ್ದಿದ್ದರೆ ಚೆನ್ನಾಗಿತ್ತು ಅಂತ ಮೇಳ ಗೋಳಾಡುತ್ತದೆ. ನಿನ್ನಿಂದಲೇ ನನಗೆ ಮತ್ತೆ ಉಸಿರು ಬಂತು, ನಿನ್ನಿಂದಲೇ ನನ್ನ ಕಣ್ಣು ಮುಚ್ಚಿತು ಅನ್ನುವ ಭಾವ ಅಲ್ಲಿದೆ. ಮುಕ್ತಾಯದ ಪ್ಯಾರಾವನ್ನು ಇದರ ಮೇಲೆ ಕಟ್ಟಿದರೆ ಸಾಕು: "ದೇವವಾಣಿ ಗೆದ್ದ ಮೇಲೂ ಮೇಳ ದೊರೆಯನ್ನು ದ್ವೇಷಿಸುವುದಿಲ್ಲ. ಅವನು ಕಣ್ಣು ಕಿತ್ತುಕೊಂಡು ಹೊರಗೆ ಬಂದಾಗ ನೋಡಲಾರೆ ಅನ್ನುತ್ತದೆ, ಆದರೆ ಅವನ ಜೊತೆ ಮಾತಾಡುತ್ತಲೇ ಇರುತ್ತದೆ."